ಮೂರು ಜನ, ಒಂದು ಟೀ, ತೊಂಬತ್ತು ಸೆಕೆಂಡು

ಕಂಪ್ಯೂಟರ್‌ನ ಒಳರಚನೆಯ ಪಾಠ ಮಾಡುವ ನನಗೆ ಪ್ರತಿ ವರ್ಷ ಉತ್ತರಪತ್ರಿಕೆಗಳಲ್ಲಿ ಒಂದು ವಾಕ್ಯ ತಪ್ಪದೇ ಸಿಗುತ್ತದೆ: "ಪೈಪ್‌ಲೈನಿಂಗ್‌ನಿಂದ ಪ್ರತಿಯೊಂದು ಇನ್‌ಸ್ಟ್ರಕ್ಷನ್ ಬೇಗ ಮುಗಿಯುತ್ತದೆ." ಇದು ಸರಿಯಲ್ಲ. ಪೈಪ್‌ಲೈನಿಂಗ್ ಇರುವ ಪ್ರೊಸೆಸರ್ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನಿಜ. ಆದರೆ ಒಂದೊಂದು ಇನ್‌ಸ್ಟ್ರಕ್ಷನ್ನನ್ನು ಪ್ರತ್ಯೇಕವಾಗಿ ತೆಗೆದು ನೋಡಿದರೆ ಅದು ಮೊದಲಿನಷ್ಟೇ ಹೊತ್ತು ತೆಗೆದುಕೊಳ್ಳುತ್ತದೆ, ಸಾಮಾನ್ಯವಾಗಿ ಇನ್ನೂ ಸ್ವಲ್ಪ ಹೆಚ್ಚೇ. ಯಾವುದೂ ಬೇಗ ಆಗದೆ ಒಟ್ಟು ಬೇಗ ಆಗುವುದು ಹೇಗೆ?

ಪ್ಯಾಟರ್ಸನ್ ಮತ್ತು ಹೆನ್ನೆಸ್ಸಿ ಬರೆದ ಪ್ರಸಿದ್ಧ ಪಠ್ಯಪುಸ್ತಕ ಇದನ್ನು ಬಟ್ಟೆ ಒಗೆಯುವ ಉದಾಹರಣೆಯಿಂದ ವಿವರಿಸುತ್ತದೆ. ಒಗೆಯುವ ಯಂತ್ರ, ಒಣಗಿಸುವ ಯಂತ್ರ, ಮಡಚುವುದು, ಎತ್ತಿಡುವುದು. ನಮ್ಮ ಹುಡುಗರಿಗೆ ಬಟ್ಟೆ ಒಣಗಿಸುವುದೆಂದರೆ ಮಹಡಿಯ ಮೇಲಿನ ಹಗ್ಗ. ಹಗ್ಗದ ಮೇಲೆ ಎಷ್ಟು ಬಟ್ಟೆ ಬೇಕಾದರೂ ಒಟ್ಟಿಗೆ ಒಣಗುವುದರಿಂದ ಆ ಉದಾಹರಣೆಯ ಅಂಶವೇ ಜಾರಿಹೋಗುತ್ತದೆ. ಹಾಗಾಗಿ ನಾನು ಒಂದು ಟೀ ಅಂಗಡಿಯ ಕತೆ ಕಟ್ಟಿಕೊಂಡಿದ್ದೇನೆ. ಕತೆ ಕಲ್ಪನೆಯದು, ಲೆಕ್ಕ ಮಾತ್ರ ನಿಜ.

ತಿಪಟೂರು ದಾಟಿ ಅರಸೀಕೆರೆ ಕಡೆಗೆ ಹೋಗುವ ಬಿ.ಎಚ್. ರಸ್ತೆಯ ಪಕ್ಕದಲ್ಲಿ ಒಂದು ತಗಡಿನ ಶೀಟಿನ ಅಂಗಡಿ ಎಂದುಕೊಳ್ಳಿ. ಮಾಲೀಕನಿಗೆ ಐವತ್ತರ ಆಸುಪಾಸು. ಎಲ್ಲರೂ ಅವನನ್ನು ಅಣ್ಣ ಅಂತಲೇ ಕರೆಯುತ್ತಾರೆ. ಹಿಂದಿನ ಒಲೆಯ ಮೇಲೆ ಹಾಲು ಮತ್ತು ಡಿಕಾಕ್ಷನ್ ಸದಾ ಬಿಸಿಯಾಗಿರುತ್ತವೆ. ಅಷ್ಟಿದ್ದ ಮೇಲೆ ಒಂದು ಟೀ ಕೊಡುವುದಕ್ಕೆ ಮೂರು ಕೆಲಸ. ಮೊದಲು ಗ್ಲಾಸು ತೊಳೆದು ಸಕ್ಕರೆ ಹಾಕಬೇಕು, ಅದಕ್ಕೆ 20 ಸೆಕೆಂಡು. ಆಮೇಲೆ ಡಿಕಾಕ್ಷನ್ ಬಿಟ್ಟು, ಹಾಲು ಬೆರೆಸಿ, ಎತ್ತಿ ಹೊಯ್ದು ನೊರೆ ಬರಿಸಬೇಕು, ಅದಕ್ಕೆ 40. ಕೊನೆಗೆ ಗಿರಾಕಿಯ ಕೈಗೆ ಕೊಟ್ಟು, ದುಡ್ಡು ತೆಗೆದುಕೊಂಡು, ಚಿಲ್ಲರೆ ಕೊಡಬೇಕು, ಅದಕ್ಕೆ 30. ಒಟ್ಟು 90 ಸೆಕೆಂಡು.

ಅಣ್ಣ ಒಬ್ಬನೇ ಇದ್ದಷ್ಟು ಕಾಲ ಒಂದು ಟೀ ಮುಗಿಸಿ ಇನ್ನೊಂದಕ್ಕೆ ಕೈ ಹಾಕುತ್ತಿದ್ದ. ಗಂಟೆಗೆ 40 ಟೀ. ಅವನು ದುಡ್ಡು ಎಣಿಸುವಾಗ ಡಿಕಾಕ್ಷನ್ ಪಾತ್ರೆ ಸುಮ್ಮನೆ ಕೂತಿರುತ್ತಿತ್ತು. ಟೀ ಎತ್ತಿ ಹೊಯ್ಯುವಾಗ ಗಲ್ಲಾಪೆಟ್ಟಿಗೆ ಸುಮ್ಮನೆ ಕೂತಿರುತ್ತಿತ್ತು. ಪ್ರೊಸೆಸರ್‌ನ ಒಳಗೂ ಇದೇ ಪಾಡು. ಇನ್‌ಸ್ಟ್ರಕ್ಷನ್ನನ್ನು ಮೆಮೊರಿಯಿಂದ ತರುವ ಭಾಗ, ಅದರ ಅರ್ಥ ಬಿಡಿಸುವ ಭಾಗ, ಲೆಕ್ಕ ಮಾಡುವ ಭಾಗ ಎಲ್ಲ ಬೇರೆ ಬೇರೆ. ಒಂದು ಇನ್‌ಸ್ಟ್ರಕ್ಷನ್ ಪೂರ್ತಿ ಮುಗಿಯುವ ತನಕ ಕಾಯುವುದಾದರೆ ಯಾವ ಹೊತ್ತಿನಲ್ಲಿ ನೋಡಿದರೂ ಒಂದು ಭಾಗ ಮಾತ್ರ ದುಡಿಯುತ್ತಿರುತ್ತದೆ.

ವ್ಯಾಪಾರ ಕುದುರಿತು. ಬೆಂಗಳೂರು ಕಡೆಯಿಂದ ಬರುವ ಬಸ್ಸುಗಳು ಅಲ್ಲಿ 5 ನಿಮಿಷ ನಿಲ್ಲತೊಡಗಿದವು. ಅಣ್ಣ ಮೂವರನ್ನು ಕೆಲಸಕ್ಕೆ ಇಟ್ಟುಕೊಂಡು ತಾನು ಒಲೆಯ ಹತ್ತಿರ ಸರಿದ. ಗ್ಲಾಸು ಮತ್ತು ಸಕ್ಕರೆಗೆ ಇಪ್ಪತ್ತರ ಒಬ್ಬ ಹುಡುಗ. ಟೀ ಬೆರೆಸಲು ಹಳೇ ಹೋಟೆಲಿನಲ್ಲಿ ಪಳಗಿದ ಒಬ್ಬ ಮಾಸ್ಟರ್. ಕೊಡುವುದಕ್ಕೂ ದುಡ್ಡಿಗೂ ಪಕ್ಕದ ಊರಿನಿಂದ ಬರುವ ಒಬ್ಬ ಅಕ್ಕ. ಗೊಂದಲವಾಗದಿರಲೆಂದು ಮಾಸ್ಟರ್ ಒಂದು ಕಟ್ಟಳೆ ಮಾಡಿದ. ತನ್ನ ಟೀ ಸಿದ್ಧವಾದ ಕೂಡಲೇ ಚಮಚದಿಂದ ಪಾತ್ರೆಗೆ ಟಣ್ ಎಂದು ಬಡಿಯುತ್ತಾನೆ. ಆ ಸದ್ದಿಗೆ ಎಲ್ಲರೂ ತಮ್ಮ ಕೈಲಿರುವ ಗ್ಲಾಸನ್ನು ಮುಂದಿನವರಿಗೆ ದಾಟಿಸಬೇಕು. ಸದ್ದು ಬರುವ ತನಕ ಯಾರೂ ದಾಟಿಸುವಂತಿಲ್ಲ. ಪ್ರೊಸೆಸರ್‌ನಲ್ಲಿ ಕ್ಲಾಕ್ ಮಾಡುವ ಕೆಲಸ ಇದೇ.

ಈಗ ಟಣ್ ಸದ್ದು ಎಷ್ಟು ಹೊತ್ತಿಗೊಮ್ಮೆ ಬರುತ್ತದೆ? ನಿಧಾನದ ಕೆಲಸ ಮಾಸ್ಟರ್‌ನದು, ಹಾಗಾಗಿ 40 ಸೆಕೆಂಡಿಗೊಮ್ಮೆ. ಪ್ರತಿ ಸದ್ದಿಗೂ ಒಂದು ಟೀ ಹೊರಗೆ ಬರುವುದರಿಂದ ಗಂಟೆಗೆ 90 ಟೀ. ಹೀಗೆ ಇಂತಿಷ್ಟು ಹೊತ್ತಿಗೆ ಎಷ್ಟು ಕೆಲಸ ಮುಗಿದು ಹೊರಬೀಳುತ್ತದೆ ಎಂಬ ಲೆಕ್ಕಕ್ಕೆ ಥ್ರೂಪುಟ್ ಎನ್ನುತ್ತಾರೆ. 40 ಇದ್ದದ್ದು 90 ಆಯಿತು, ಅಣ್ಣನಿಗೆ ಖುಷಿಯೋ ಖುಷಿ.

ಬೆಳಗಿನ ಜಾವದ ಬಸ್ಸಿನ ಕಂಡಕ್ಟರ್‌ಗೆ ಮಾತ್ರ ಖುಷಿಯಿಲ್ಲ. ಪ್ರಯಾಣಿಕರು ನಿದ್ದೆಯಲ್ಲಿರುತ್ತಾರೆ, ಇಳಿಯುವವನು ಅವನೊಬ್ಬನೇ.

"ಏನಣ್ಣ, ನೀನೊಬ್ಬನೇ ಇದ್ದಾಗಲೇ ಬೇಗ ಕೊಡ್ತಿದ್ದೆ. ಈಗ ಮೂರು ಜನ ಸೇರ್ಕೊಂಡು ಇನ್ನೂ ತಡ ಮಾಡ್ತೀರಲ್ಲ?"

"ಏನ್ ಸಾರ್ ಹಿಂಗಂತೀರಿ! ವ್ಯಾಪಾರ ಎರಡು ಪಟ್ಟು ದಾಟೈತೆ!"

"ನಿನ್ ವ್ಯಾಪಾರ ಕಟ್ಕೊಂಡು ನಂಗೇನಣ್ಣ? ನನ್ ಟೀ ಯಾವಾಗ ಬರುತ್ತೆ ಹೇಳು."

ಕಂಡಕ್ಟರ್ ಸುಳ್ಳು ಹೇಳುತ್ತಿಲ್ಲ. ಅವನ ಗ್ಲಾಸು ಮೂರು ಕೈ ದಾಟಬೇಕು. ಒಂದೊಂದು ಕೈಯಲ್ಲೂ ಟಣ್ ಸದ್ದಿನ ಲೆಕ್ಕದಂತೆ 40 ಸೆಕೆಂಡು ಇರುತ್ತದೆ. ಹುಡುಗ 20 ಸೆಕೆಂಡಿಗೆ ಗ್ಲಾಸು ಸಿದ್ಧ ಮಾಡಿದರೂ ಇನ್ನು 20 ಸೆಕೆಂಡು ಹಿಡಿದುಕೊಂಡು ನಿಲ್ಲುತ್ತಾನೆ. ಅಕ್ಕ 30ಕ್ಕೇ ಕೆಲಸ ಮುಗಿಸಬಲ್ಲಳು, ಆದರೆ ಕಟ್ಟಳೆಯ ಲೆಕ್ಕದಲ್ಲಿ ಅವಳ ಪಾಳಿಯೂ 40. ಒಟ್ಟು 120 ಸೆಕೆಂಡು. ಮೊದಲು 90 ಇತ್ತು. ಒಂದೇ ಒಂದು ಕೆಲಸ ಶುರುವಾದಾಗಿನಿಂದ ಮುಗಿಯುವ ತನಕ ಹಿಡಿಯುವ ಈ ಹೊತ್ತಿಗೆ ಲೇಟೆನ್ಸಿ ಎಂದು ಹೆಸರು. ಅಣ್ಣ ಥ್ರೂಪುಟ್ ಅಳೆಯುತ್ತಿದ್ದಾನೆ, ಕಂಡಕ್ಟರ್ ಲೇಟೆನ್ಸಿ ಅಳೆಯುತ್ತಿದ್ದಾನೆ. ಇಬ್ಬರ ಮಾತೂ ನಿಜ. ಒಂದೇ ಬದಲಾವಣೆಯಿಂದ ಒಂದು ಸುಧಾರಿಸಿದೆ, ಇನ್ನೊಂದು ಕೆಟ್ಟಿದೆ.

ಹಾಗಾದರೆ ನಷ್ಟ ಯಾರಿಗೆ, ಲಾಭ ಯಾರಿಗೆ? ಸಾಲಿನಲ್ಲಿ ನಿಂತವರನ್ನು ಒಬ್ಬೊಬ್ಬರಾಗಿ ನೋಡಿದರೆ ತಿಳಿಯುತ್ತದೆ. ಅಣ್ಣ ಒಬ್ಬನೇ ಇದ್ದಾಗ ಮೊದಲನೆಯವನಿಗೆ 90 ಸೆಕೆಂಡಿಗೆ ಟೀ ಸಿಗುತ್ತಿತ್ತು, ಎರಡನೆಯವನಿಗೆ 180ಕ್ಕೆ. ಈಗ ಮೊದಲನೆಯವನಿಗೆ 120ಕ್ಕೆ, ಎರಡನೆಯವನಿಗೆ ಅಲ್ಲಿಂದ 40 ಸೆಕೆಂಡಿಗೆ, ಅಂದರೆ 160ಕ್ಕೆ. ಎರಡನೆಯವನೇ ಆಗಲೇ ಲಾಭದಲ್ಲಿದ್ದಾನೆ. ಹತ್ತನೆಯವನು ಹಿಂದೆ 15 ನಿಮಿಷ ಕಾಯಬೇಕಿತ್ತು, ಈಗ 8 ನಿಮಿಷ ಸಾಕು. ನಷ್ಟವಾಗಿರುವುದು ಸಾಲಿನ ಮೊದಲನೆಯವನಿಗೆ ಮಾತ್ರ, ಅವನಿಗೂ ಅರ್ಧ ನಿಮಿಷ. ನಮ್ಮ ಕಂಡಕ್ಟರ್‌ನ ಕಷ್ಟವೆಂದರೆ ಅವನ ಸಾಲಿನಲ್ಲಿ ಅವನೇ ಮೊದಲನೆಯವನು, ಅವನೇ ಕೊನೆಯವನು. ಸಾಲೇ ಇಲ್ಲದ ಕಡೆ ಪೈಪ್‌ಲೈನ್‌ನಿಂದ ಏನೂ ಸಿಗುವುದಿಲ್ಲ.

ಕತೆ ಇಲ್ಲಿಂದ ಮುಂದೆ ಸ್ವಲ್ಪ ಬಿಗಿಯಾಗುತ್ತದೆ. ಅಣ್ಣನ ಕಣ್ಣು ಗ್ಲಾಸು ತೊಳೆಯುವ ಹುಡುಗನ ಮೇಲೆ ಬೀಳುತ್ತದೆ.

"ಏನ್ಲಾ, ಯಾವಾಗ ನೋಡಿದ್ರೂ ಗ್ಲಾಸ್ ಹಿಡ್ಕೊಂಡು ಗೊಂಬೆ ಹಂಗೆ ನಿಂತಿರ್ತೀಯ. ಅರ್ಧ ಕೆಲಸಕ್ಕೆ ಪೂರ್ತಿ ಕೂಲಿ ಯಾಕೆ ಕೊಡ್ಲಿ ನಾನು?"

ಹುಡುಗ ಹೆದರಿ ಕೈ ಚುರುಕು ಮಾಡುತ್ತಾನೆ. 20 ಸೆಕೆಂಡಿನ ಕೆಲಸವನ್ನು 15ಕ್ಕೆ ಇಳಿಸುತ್ತಾನೆ. ಸಂಜೆ ಎಣಿಸಿದರೆ ಟೀ ಒಂದೂ ಹೆಚ್ಚಾಗಿಲ್ಲ. ಹುಡುಗ ನಿಲ್ಲುವ ಹೊತ್ತು ಮಾತ್ರ 20ರಿಂದ 25 ಸೆಕೆಂಡಿಗೆ ಏರಿದೆ, ಅಣ್ಣನ ಕಣ್ಣಿಗೆ ಮೊದಲಿಗಿಂತ ಸೋಮಾರಿಯಾಗಿ ಕಾಣುತ್ತಿದ್ದಾನೆ! ನಿಧಾನದ ಹಂತವನ್ನು ಬಿಟ್ಟು ಬೇರೆ ಯಾವುದನ್ನು ಚುರುಕು ಮಾಡಿದರೂ ಫಲ ಇಷ್ಟೇ. ನಿಧಾನದ ಹಂತ ಯಾವುದೆಂದು ಕಂಡುಹಿಡಿಯಲು ಗಡಿಯಾರವೂ ಬೇಡ. ಯಾರ ಹಿಂದೆ ಕೆಲಸ ಕಾದು ನಿಂತಿದೆ, ಯಾರ ಮುಂದೆ ಕೈಗಳು ಖಾಲಿ ಇವೆ ಎಂದು ನೋಡಿದರೆ ಸಾಕು. ಹುಡುಗ ಸಿದ್ಧ ಗ್ಲಾಸು ಹಿಡಿದು ನಿಂತಿದ್ದಾನೆ, ಅಕ್ಕ ಬರುವ ಗ್ಲಾಸಿಗೆ ಕಾಯುತ್ತಿದ್ದಾಳೆ. ನಡುವೆ ಬಿಡುವಿಲ್ಲದೆ ಕೈಯಾಡಿಸುತ್ತಿರುವವನು ಮಾಸ್ಟರ್. ಗಂಟು ಇರುವುದು ಅಲ್ಲಿ. ವಿಚಿತ್ರವೆಂದರೆ ಬೈಗುಳ ಬೀಳುವುದು ಸದಾ ಸುಮ್ಮನೆ ನಿಂತವನ ಮೇಲೆ.

ಅಣ್ಣ ಹುಡುಗನನ್ನು ಬಿಡಿಸುವ ಯೋಚನೆ ಮಾಡುತ್ತಾನೆ. ಅವನ ಕೆಲಸವನ್ನೂ ಅಕ್ಕನೇ ಮಾಡಿದರಾಯಿತು ಎಂದು. ಲೆಕ್ಕ ಹಾಕೋಣ. ಹುಡುಗನ 20, ಅಕ್ಕನ 30, ಎರಡೂ ಸೇರಿ 50 ಸೆಕೆಂಡು. ಈಗ ನಿಧಾನದವಳು ಅಕ್ಕ ಆಗುತ್ತಾಳೆ, ಟೀ 50 ಸೆಕೆಂಡಿಗೊಂದು ಬರುತ್ತದೆ. ಗಂಟೆಗೆ 90ರ ಬದಲು 72. ಅರ್ಧ ಹೊತ್ತು ಸುಮ್ಮನೆ ನಿಲ್ಲುವ ಹುಡುಗನನ್ನು ತೆಗೆದರೆ ಗಂಟೆಗೆ 18 ಟೀ ಕೈತಪ್ಪುತ್ತವೆ.

ಇದಕ್ಕೆ ದಾರಿ ತೋರಿಸುವವನು ಮಾಸ್ಟರ್.

"ಹುಡುಗನ್ನ ಯಾಕಣ್ಣ ಬಿಡಿಸ್ತೀಯ? ನನ್ ಕೆಲಸದಾಗೆ ಒಂದು ಚೂರು ಅವನಿಗೆ ಕೊಡು. ಡಿಕಾಕ್ಷನ್ ಅವನೇ ಬಿಟ್ಟು ಕೊಡ್ಲಿ. ಹಾಲು ಬೆರೆಸಿ ಹೊಯ್ಯೋದು ನಾನು ನೋಡ್ಕೋತೀನಿ."

ಡಿಕಾಕ್ಷನ್ ಅಳತೆ ನೋಡಿ ಬಿಡುವುದಕ್ಕೆ 10 ಸೆಕೆಂಡು. ಅದು ಮಾಸ್ಟರ್‌ನ ಕೈಯಿಂದ ಹುಡುಗನ ಕೈಗೆ ಹೋಯಿತು. ಈಗ ಹುಡುಗನಿಗೆ 30, ಮಾಸ್ಟರ್‌ಗೆ 30, ಅಕ್ಕನಿಗೆ 30. ಟಣ್ ಸದ್ದು 30 ಸೆಕೆಂಡಿಗೊಮ್ಮೆ ಬರುತ್ತದೆ, ಗಂಟೆಗೆ 120 ಟೀ. ಒಂದು ಟೀ ಮೂರು ಕೈ ದಾಟಲು 90 ಸೆಕೆಂಡು. ಯಾರೂ ಹೊಸದಾಗಿ ಚುರುಕಾಗಲಿಲ್ಲ, ಯಾರನ್ನೂ ತೆಗೆಯಲಿಲ್ಲ, ಹೊಸ ಪಾತ್ರೆ ಕೊಳ್ಳಲಿಲ್ಲ. ಕೆಲಸವನ್ನು ತುಂಡು ಮಾಡಿದ ಜಾಗ ಬದಲಾಯಿತು, ಅಷ್ಟೇ. ಪ್ರೊಸೆಸರ್ ವಿನ್ಯಾಸ ಮಾಡುವವರ ದೊಡ್ಡ ತಲೆನೋವು ಇದೇ: ಯಾವ ಹಂತವೂ ಉಳಿದವುಗಳಿಗಿಂತ ಉದ್ದವಾಗದ ಹಾಗೆ ಕೆಲಸವನ್ನು ಎಲ್ಲಿ ತುಂಡರಿಸುವುದು.

ಇಲ್ಲಿಗೆ ಬಂದಾಗ ತರಗತಿಯಲ್ಲಿ ಜಾಣರೊಬ್ಬರು ಕೈ ಎತ್ತುತ್ತಾರೆ. ಮೂವರೂ ತಮ್ಮ ತಮ್ಮ ಟೀಯನ್ನು ಪೂರ್ತಿ ತಾವೇ ಮಾಡಿದರೆ? 90 ಸೆಕೆಂಡಿಗೆ ಮೂರು ಟೀ, ಅಂದರೆ ಅದೂ ಗಂಟೆಗೆ 120 ಅಲ್ಲವೇ? ಹೌದು, ಲೆಕ್ಕ ಸರಿ. ಆದರೆ ಮೂವರಿಗೂ ಒಂದೊಂದು ತೊಟ್ಟಿ, ಒಂದೊಂದು ಡಿಕಾಕ್ಷನ್ ಪಾತ್ರೆ, ಒಂದೊಂದು ಗಲ್ಲಾಪೆಟ್ಟಿಗೆ ಬೇಕಾಗುತ್ತದೆ. ಅಂದರೆ ಮೂರು ಅಂಗಡಿ. ಪೈಪ್‌ಲೈನಿಂಗ್‌ನ ಹೆಚ್ಚುಗಾರಿಕೆ ಇರುವುದು ಒಂದೇ ಅಂಗಡಿಯ ಸಾಮಾನಿನಲ್ಲಿ ಮೂರು ಅಂಗಡಿಯ ಟೀ ತೆಗೆಯುವುದರಲ್ಲಿ.

ಮೂರು ಪಟ್ಟು ಎಂಬ ಮಾತಿನಲ್ಲೂ ಒಂದು ಸಣ್ಣ ಮೋಸವಿದೆ. ಬಸ್ಸು ನಿಲ್ಲುವುದು 5 ನಿಮಿಷ. ಆಗಷ್ಟೇ ತೆರೆದು ಖಾಲಿ ನಿಂತಿರುವ ಅಂಗಡಿಗೆ ಬಸ್ಸು ಬಂತು ಎಂದುಕೊಳ್ಳಿ. ಹಿಂದೆ ಅಣ್ಣ ಒಬ್ಬನೇ 5 ನಿಮಿಷದಲ್ಲಿ ಮೂವರಿಗೆ ಟೀ ಕೊಡುತ್ತಿದ್ದ. ಮೂರು ಪಟ್ಟು ಅಂದರೆ ಒಂಬತ್ತು ಜನಕ್ಕೆ ಸಿಗಬೇಕು. ಸಿಗುವುದು ಎಂಟು ಜನಕ್ಕೆ. ಯಾಕೆಂದರೆ ಮೊದಲ ಟೀ ಹೊರಬರಲು 90 ಸೆಕೆಂಡು ಬೇಕೇ ಬೇಕು, ಅಲ್ಲಿಂದಾಚೆ 30 ಸೆಕೆಂಡಿಗೊಂದರಂತೆ ಇನ್ನು ಏಳು ಬರುವಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆಯುತ್ತಾನೆ. ಮೊದಲ ಗ್ಲಾಸು ಹುಡುಗನ ಕೈಲಿರುವಾಗ ಮಾಸ್ಟರ್‌ಗೂ ಅಕ್ಕನಿಗೂ ಕೆಲಸವಿರಲಿಲ್ಲ. ಸಾಲು ತುಂಬಿಕೊಳ್ಳಲು ಹಿಡಿದ ಆ ಹೊತ್ತು ಎಲ್ಲಿಗೂ ಹೋಗುವುದಿಲ್ಲ. ಇಡೀ ದಿನದ ವ್ಯಾಪಾರದಲ್ಲಿ ಅದು ಕರಗಿಹೋಗುತ್ತದೆ, 5 ನಿಮಿಷದ ಬಸ್ಸಿನಲ್ಲಿ ಎದ್ದು ಕಾಣುತ್ತದೆ.

ಇನ್ನು ಕೆಡುವ ಬಗೆ. ಒಂದು ರಾತ್ರಿ ಕಾರಿನಲ್ಲಿ ಮೂವರು ಹಿರಿಯರು ಬಂದು ಬೆಂಚಿನ ಮೇಲೆ ಕೂರುತ್ತಾರೆ. ಬೇರೆ ಗಿರಾಕಿಗಳಿಲ್ಲ. "ಮೂರು ಟೀ" ಎನ್ನುತ್ತಾರೆ. ಬಹುತೇಕರಿಗೆ ಸಕ್ಕರೆ ಬೇಕೆಂಬ ಅಂದಾಜಿನ ಮೇಲೆ ಹುಡುಗ ಕೇಳದೆ ಸಕ್ಕರೆ ಹಾಕುತ್ತಾನೆ. ಮೊದಲ ಗ್ಲಾಸು ಅಕ್ಕನ ಕೈ ಸೇರಿ ಅವಳು ಕೊಡಲು ಹೋದಾಗ ಹಿರಿಯರು ಹೇಳುತ್ತಾರೆ: "ನಮ್ಮ ಮೂವರಿಗೂ ಶುಗರ್ ಇದೆ ಕಣಮ್ಮ, ಸಕ್ಕರೆ ಹಾಕಬಾರದಿತ್ತು." ಆ ಹೊತ್ತಿಗೆ ಎರಡನೆಯ ಗ್ಲಾಸು ಮಾಸ್ಟರ್‌ನ ಕೈಲಿದೆ, ಮೂರನೆಯದು ಹುಡುಗನ ಕೈಲಿದೆ. ಎರಡರಲ್ಲೂ ಸಕ್ಕರೆ ಬಿದ್ದಾಗಿದೆ. ಮೂರನ್ನೂ ಚೆಲ್ಲಿ ಮೊದಲಿಂದ ಶುರು ಮಾಡಬೇಕು.

ಪ್ರೋಗ್ರಾಮ್‌ನಲ್ಲಿ "ಹೀಗಿದ್ದರೆ ಇದನ್ನು ಮಾಡು, ಇಲ್ಲದಿದ್ದರೆ ಅದನ್ನು ಮಾಡು" ಎಂಬ ಇನ್‌ಸ್ಟ್ರಕ್ಷನ್ ಬಂದಾಗ ಪ್ರೊಸೆಸರ್‌ಗೂ ಇದೇ ಇಕ್ಕಟ್ಟು. ಉತ್ತರ ತಿಳಿಯುವುದು ಮುಂದಿನ ಹಂತಗಳಲ್ಲಿ. ಅಲ್ಲಿಯ ತನಕ ಕಾದರೆ ಸಾಲು ಖಾಲಿಯಾಗುತ್ತದೆ, ಆದ್ದರಿಂದ ಅದು ಒಂದು ದಾರಿಯನ್ನು ಊಹಿಸಿ ಮುಂದಿನ ಇನ್‌ಸ್ಟ್ರಕ್ಷನ್‌ಗಳನ್ನು ತುಂಬಿಕೊಳ್ಳುತ್ತಲೇ ಹೋಗುತ್ತದೆ. ಊಹೆ ಸರಿಯಾದರೆ ನಷ್ಟವಿಲ್ಲ. ತಪ್ಪಾದರೆ ಹಿಂದೆ ತುಂಬಿಕೊಂಡದ್ದೆಲ್ಲ ಚರಂಡಿಗೆ. ಚೆಲ್ಲುವ ಗ್ಲಾಸುಗಳು ಎಷ್ಟೆಂಬುದು ಉತ್ತರ ತಿಳಿಯುವ ಮೊದಲು ಎಷ್ಟು ಹಂತಗಳು ದಾಟಿಹೋಗಿವೆ ಎಂಬುದರ ಮೇಲೆ ನಿಂತಿದೆ. ಅಂಗಡಿಯಲ್ಲಿ ಪರಿಹಾರ ಸುಲಭ, ಸಕ್ಕರೆಯ ಪ್ರಶ್ನೆಯನ್ನು ಅಕ್ಕನ ಬದಲು ಹುಡುಗನೇ ಕೇಳಬೇಕು. ಪ್ರೊಸೆಸರ್‌ನಲ್ಲೂ ಆದಷ್ಟು ಮುಂಚಿನ ಹಂತದಲ್ಲೇ ಉತ್ತರ ಕಂಡುಕೊಳ್ಳಲು ನೋಡುತ್ತಾರೆ, ಆಗದ ಕಡೆ ಊಹೆಯನ್ನು ಚುರುಕು ಮಾಡುತ್ತಾರೆ.

ಈಗ ಅಣ್ಣನಿಗೆ ಆಸೆ ಹತ್ತುತ್ತದೆ. ಮೂವರಿಂದ ಇಷ್ಟಾದರೆ ಆರು ಜನರಿಂದ? ಒಬ್ಬೊಬ್ಬರಿಗೆ 15 ಸೆಕೆಂಡಿನ ಕೆಲಸ, ಗಂಟೆಗೆ 240 ಟೀ! ಆದರೆ ಇಷ್ಟು ಹೊತ್ತು ಲೆಕ್ಕಕ್ಕೆ ಹಿಡಿಯದ ಒಂದು ಖರ್ಚು ಇಲ್ಲಿ ತಲೆ ಎತ್ತುತ್ತದೆ. ಚೆಲ್ಲದ ಹಾಗೆ ಗ್ಲಾಸನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಲು ಒಂದು 5 ಸೆಕೆಂಡು ಬೇಕು ಎನ್ನೋಣ. ಆಗ ಮೂವರ ಸಾಲಿನಲ್ಲಿ ಒಂದೊಂದು ಹಂತ 35 ಸೆಕೆಂಡು, ಒಂದು ಟೀಗೆ 105. ಆರು ಜನರ ಸಾಲಿನಲ್ಲಿ ಒಂದೊಂದು ಹಂತ 20 ಸೆಕೆಂಡು, ಒಂದು ಟೀಗೆ 120. ಗಂಟೆಗೆ 240 ಅಲ್ಲ, 180. ಕೆಲಸದ ತುಂಡು ಚಿಕ್ಕದಾದಷ್ಟೂ ದಾಟಿಸುವ ಖರ್ಚಿನ ಪಾಲು ದೊಡ್ಡದಾಗುತ್ತದೆ. ಮೇಲಾಗಿ ಸಕ್ಕರೆಯ ಊಹೆ ತಪ್ಪಿ, ಅದು ಕೊನೆಯಲ್ಲಿ ತಿಳಿದರೆ ಚೆಲ್ಲುವುದು ಆರು ಗ್ಲಾಸು.

ಇದು ಬರೀ ಕತೆಯ ಮಾತಲ್ಲ. 2000ದಲ್ಲಿ ಬಂದ ಇಂಟೆಲ್‌ನ ಪೆಂಟಿಯಮ್ 4 ಪ್ರೊಸೆಸರ್‌ನ ಪೈಪ್‌ಲೈನ್ 20 ಹಂತಗಳದ್ದು. ಹಂತ ಚಿಕ್ಕದಾದಷ್ಟೂ ಕ್ಲಾಕ್ ಬೇಗ ಬೇಗ ಬಡಿಯಬಹುದು, ಜಾಹೀರಾತಿನಲ್ಲಿ ದೊಡ್ಡ ಗಿಗಾಹರ್ಟ್ಸ್ ಹೇಳಿಕೊಳ್ಳಬಹುದು. 2004ರ ಪ್ರೆಸ್ಕಾಟ್ ಎಂಬ ಆವೃತ್ತಿಯಲ್ಲಿ ಹಂತಗಳು 31ಕ್ಕೆ ಏರಿದವು. ಟಣ್ ಸದ್ದು ಚುರುಕಾಯಿತು, ಆದರೆ ಊಹೆ ತಪ್ಪಿದಾಗಿನ ನಷ್ಟ ಬೆಳೆಯಿತು, ಚಿಪ್‌ನ ಬಿಸಿಯೂ ಏರಿತು. 4 ಗಿಗಾಹರ್ಟ್ಸ್ ಮುಟ್ಟುವ ಯೋಜನೆಯನ್ನು ಕಂಪನಿ ಅದೇ ವರ್ಷ ಕೈಬಿಟ್ಟಿತು. 2006ರಲ್ಲಿ ಬಂದ ಕೋರ್ 2 ಪ್ರೊಸೆಸರ್‌ನಲ್ಲಿ ಹಂತಗಳು 14ಕ್ಕೆ ಇಳಿದವು. ಅದರ ಗಿಗಾಹರ್ಟ್ಸ್ ಕಡಿಮೆ, ಆದರೂ ಹೆಚ್ಚಿನ ಕೆಲಸಗಳನ್ನು ಅದು ಪೆಂಟಿಯಮ್ 4ಕ್ಕಿಂತ ಬೇಗ ಮುಗಿಸುತ್ತಿತ್ತು. ಚಮಚ ಎಷ್ಟು ಸಲ ಬಡಿಯಿತು ಎಂದು ಎಣಿಸುವುದು ಬೇರೆ, ಎಷ್ಟು ಜನ ಟೀ ಕುಡಿದು ಹೋದರು ಎಂದು ಎಣಿಸುವುದು ಬೇರೆ.

ಅಣ್ಣ ಕೊನೆಗೆ ಮೂವರಲ್ಲೇ ನಿಲ್ಲುತ್ತಾನೆ. ಹುಡುಗನ ಕೆಲಸ ಉಳಿದಿದೆ, ಡಿಕಾಕ್ಷನ್‌ನ ಹದವೂ ಕೈಗೆ ಹತ್ತಿದೆ. ಬಸ್ಸು ತುಂಬಾ ಜನ ಇಳಿದಾಗ ಅಂಗಡಿ ಗಡಿಯಾರದ ಹಾಗೆ ನಡೆಯುತ್ತದೆ. ಬೆಳಗಿನ ಜಾವದ ಕಂಡಕ್ಟರ್‌ಗೆ ಮಾತ್ರ ಅಣ್ಣ ಈಗಲೂ ಉತ್ತರ ಕೊಡಬೇಕಿದೆ. ಎಷ್ಟೆಲ್ಲ ಸುಧಾರಿಸಿದ ಮೇಲೂ ಒಬ್ಬಂಟಿಯಾಗಿ ಬಂದವನ ಟೀಗೆ 90 ಸೆಕೆಂಡು ಹಿಡಿಯುತ್ತದೆ, ದಾಟಿಸುವ ಹೊತ್ತು ಸೇರಿದರೆ ಇನ್ನೂ ತುಸು ಹೆಚ್ಚು. ಅದನ್ನು ಇಳಿಸಲು ಜನ ಸೇರಿಸಿ ಫಲವಿಲ್ಲ, ಸಾಲು ಜೋಡಿಸಿ ಫಲವಿಲ್ಲ. ಟೀ ಮಾಡುವ ಕೆಲಸವೇ ಕಡಿಮೆಯಾಗಬೇಕು. ಗ್ಲಾಸುಗಳನ್ನು ಮೊದಲೇ ತೊಳೆದಿಡಬೇಕು, ಇಲ್ಲವೇ ಎತ್ತಿ ಹೊಯ್ಯುವುದು ಎರಡು ಸಲ ಕಡಿಮೆಯಾಗಬೇಕು. ಕಂಡಕ್ಟರ್ ಅದಕ್ಕೂ ಒಪ್ಪುವವನಲ್ಲ.

"ನೊರೆ ಇಲ್ದಿದ್ರೆ ಅದೆಂಥಾ ಟೀ ಅಣ್ಣ," ಎನ್ನುತ್ತಾನೆ, ಗಡಿಯಾರ ನೋಡುತ್ತಲೇ.